'ಅಂತೆ' ಕಳಚಿದ ಮಾತು: ವಾಟ್ಸಾಪ್ ಗುಂಪುಗಳಲ್ಲಿ ವದಂತಿ ಮತ್ತು ವ್ಯಕ್ತಿಯ ಮಾನ

ಕನ್ನಡದಲ್ಲಿ 'ಮಳೆ ಬಂತು' ಎಂಬುದಕ್ಕೂ 'ಮಳೆ ಬಂತಂತೆ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮೂರನೆಯ ತರಗತಿಯ ಮಗುವೂ ಬಲ್ಲದು. ಮೊದಲನೆಯದರಲ್ಲಿ ಮಾತನಾಡುವವನು ತಾನೇ ಹೊಣೆ ಹೊತ್ತಿದ್ದಾನೆ. ಎರಡನೆಯದರಲ್ಲಿ, ಈ ಸುದ್ದಿಯನ್ನು ತಾನು ಕಂಡಿಲ್ಲ, ಬೇರೆಯವರಿಂದ ಕೇಳಿದ್ದೇನೆ ಎಂದು ತಿಳಿಸುತ್ತಾನೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವ ಈ ಸಣ್ಣ ಪ್ರತ್ಯಯ ನಮ್ಮ ಭಾಷೆಯ ವ್ಯಾಕರಣದಲ್ಲೇ ಇದೆ. ಗುಂಪು ಸಂದೇಶಗಳಲ್ಲಿ ವದಂತಿಯು ಬೆಳೆಯುವುದು ಬಹುಮಟ್ಟಿಗೆ ಈ ಗುರುತು ಕಳಚಿ ಬೀಳುವುದರಿಂದ. ಆದ್ದರಿಂದ ಈ ವಿಷಯವನ್ನು ನೀತಿಪಾಠದ ಅವಧಿಗೆ ಮೀಸಲಿಡದೆ ಭಾಷಾಪಾಠದಲ್ಲೇ ಕಲಿಸಬಹುದು.

1. ಕೇಳಿದ ಮಾತಿನ ಗುರುತು

'ಹೂವಿನಂತೆ', 'ಹೇಳಿದಂತೆ' ಎಂಬಲ್ಲಿ ಬರುವ ಹೋಲಿಕೆಯ ಅಥವಾ ರೀತಿಯನ್ನು ಸೂಚಿಸುವ 'ಅಂತೆ' ಬೇರೆ. ಇಲ್ಲಿ ನಾವು ಗಮನಿಸುವುದು ವಾಕ್ಯದ ಕೊನೆಯಲ್ಲಿ ಬಂದು ಕೇಳಿದ ಸುದ್ದಿಯನ್ನು ಸೂಚಿಸುವ 'ಅಂತೆ'ಯನ್ನು: 'ಬಂದನಂತೆ', 'ಇಲ್ಲವಂತೆ', 'ರಜೆಯಂತೆ'. ನಮ್ಮ ನೆರೆಯ ಭಾಷೆಗಳಲ್ಲಿಯೂ ಇದಕ್ಕೆ ಸಮಾನವಾದ ರೂಪಗಳಿವೆ. ತೆಲುಗಿನಲ್ಲಿ 'ಅಟ', ತಮಿಳಿನಲ್ಲಿ 'ಆಮ್', ಮಲಯಾಳದಲ್ಲಿ 'ಅತ್ರೇ', ಮರಾಠಿಯಲ್ಲಿ 'ಮ್ಹಣೇ' ಇದೇ ಕೆಲಸವನ್ನು ಮಾಡುತ್ತವೆ. ಗಡಿಭಾಗದ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ದಿನವೂ ಓಡಾಡುವವರು. ಒಂದು ಭಾಷೆಯಲ್ಲಿ ಬಂದ ಸಂದೇಶವನ್ನು ಇನ್ನೊಂದಕ್ಕೆ ತಿರುಗಿಸುವಾಗ ವಿಷಯ ಉಳಿಯುತ್ತದೆ, ಆದರೆ ಈ ಕಿರಿದಾದ ಗುರುತು ಬಿಟ್ಟುಹೋಗುವ ಸಂಭವ ಹೆಚ್ಚು.

'ವದಂತಿ' ಎಂಬ ಪದವೂ ಇಲ್ಲಿ ಉಪಯುಕ್ತ. ಸಂಸ್ಕೃತದಲ್ಲಿ ಅದೊಂದು ಕ್ರಿಯಾಪದ. 'ಹೇಳುತ್ತಾರೆ' ಎಂದು ಅದರ ಅರ್ಥ. ಯಾರು ಹೇಳುತ್ತಾರೆ ಎಂಬುದಕ್ಕೆ ಆ ಪದದಲ್ಲಿ ಉತ್ತರವಿಲ್ಲ. 'ಅಂತೆ'ಯ ಮಿತಿಯೂ ಇದೇ. ಮಾತು ನನ್ನದಲ್ಲ ಎಂದು ಅದು ತಿಳಿಸುತ್ತದೆ, ಯಾರದು ಎಂದು ತಿಳಿಸುವುದಿಲ್ಲ. ಪತ್ರಿಕೆಯ 'ಎನ್ನಲಾಗಿದೆ' ಎಂಬ ಪ್ರಯೋಗವೂ ಇದೇ ಬಗೆಯದು. ಹೀಗಾಗಿ 'ಅಂತೆ' ಪ್ರಾಮಾಣಿಕನಿಗೆ ಎಚ್ಚರಿಕೆಯ ಗುರುತಾದರೆ, ಚಾಡಿ ಹೇಳುವವನಿಗೆ ಅಡಗಿಕೊಳ್ಳುವ ಮರೆಯೂ ಆಗಬಲ್ಲದು. 'ಅಂತೆ ಕಂತೆ' ಎಂದು ನಮ್ಮ ಹಿರಿಯರು ತಾತ್ಸಾರದಿಂದ ಹೇಳುವುದು ಈ ಎರಡನೆಯ ಬಳಕೆಯನ್ನೇ.

2. ಗುರುತು ಕಳಚುವ ಬಗೆ: ಒಂದು ಉದಾಹರಣೆ

ಗಡಿಭಾಗದ ಕನ್ನಡ ಶಾಲೆಯೊಂದರ ನಲವತ್ತು ಮಕ್ಕಳು ಶಿಕ್ಷಕರೊಂದಿಗೆ ವಿಜಯಪುರಕ್ಕೆ ಪ್ರವಾಸ ಹೋಗಿ ಬಂದರೆಂದು ಕಲ್ಪಿಸಿಕೊಳ್ಳೋಣ. ತಲಾ 350 ರೂಪಾಯಿಯಂತೆ 14,000 ರೂಪಾಯಿ ಸಂಗ್ರಹವಾಗಿದೆ. ಬಸ್ಸಿನ ಮಾಲೀಕರು ಇನ್ನೂ ರಸೀದಿ ಕೊಟ್ಟಿಲ್ಲವಾದ್ದರಿಂದ ಲೆಕ್ಕ ಮುಗಿದಿಲ್ಲ. ಪಾಲಕರ ಗುಂಪಿನಲ್ಲಿ ಒಬ್ಬ ತಾಯಿ ಬರೆಯುತ್ತಾರೆ:

"ಸರ್, ಪ್ರವಾಸದ ಲೆಕ್ಕ ಯಾವಾಗ ಸಿಗುತ್ತದೆ?"

ಇದು ಪ್ರಶ್ನೆ. ಇದರಲ್ಲಿ ಯಾವ ತಪ್ಪೂ ಇಲ್ಲ. ಅದನ್ನು ಓದಿದ ಮತ್ತೊಬ್ಬರು ಓಣಿಯವರ ಗುಂಪಿನಲ್ಲಿ ಬರೆಯುತ್ತಾರೆ:

"ಪ್ರವಾಸದ ಲೆಕ್ಕ ಇನ್ನೂ ಕೊಟ್ಟಿಲ್ಲವಂತೆ."

ಪ್ರಶ್ನೆ ಈಗ ವರದಿಯಾಗಿದೆ. ಆದರೂ 'ಅಂತೆ' ಉಳಿದಿದೆ. ಮೂರನೆಯವರು ಇದನ್ನು ಮರಾಠಿಗೆ ತಿರುಗಿಸಿ ಸಂಬಂಧಿಕರ ಗುಂಪಿಗೆ ಹಾಕುವಾಗ 'ಮ್ಹಣೇ' ಸೇರಿಸುವುದಿಲ್ಲ. ಅಲ್ಲಿಂದ ಅದು ಕನ್ನಡಕ್ಕೆ ಮರಳುತ್ತದೆ:

"ಪ್ರವಾಸದ ಲೆಕ್ಕ ಕೊಟ್ಟಿಲ್ಲ. 14,000 ರೂಪಾಯಿ ಎಲ್ಲಿ ಹೋಯಿತು?"

ವರದಿಯು ಹೇಳಿಕೆಯಾಯಿತು. ಕೊನೆಯಲ್ಲಿರುವುದು ನೋಡಲು ಪ್ರಶ್ನೆಯೇ. ಆದರೆ ಅದು ಉತ್ತರವನ್ನು ಬಯಸುವ ಪ್ರಶ್ನೆಯಲ್ಲ, ಆರೋಪ. ನಾಲ್ಕನೆಯವರು ಶಾಲೆಯ ವಾರ್ಷಿಕೋತ್ಸವದಲ್ಲಿ ತೆಗೆದ ಶಿಕ್ಷಕರ ಭಾವಚಿತ್ರವನ್ನು ಸೇರಿಸಿ, "ಮಕ್ಕಳ ಹಣ ನುಂಗಿದ ಮಾಸ್ತರರು" ಎಂದು ಬರೆಯುತ್ತಾರೆ. ಹೇಳಿಕೆ ತೀರ್ಪಾಯಿತು.

ಮುಂದಿನ ಶನಿವಾರ ರಸೀದಿ ಬರುತ್ತದೆ. ಖರ್ಚು 11,200 ರೂಪಾಯಿ. ಉಳಿದ 2,800 ರೂಪಾಯಿಯನ್ನು ತಲಾ 70ರಂತೆ ಶಿಕ್ಷಕರು ಹಿಂದಿರುಗಿಸುತ್ತಾರೆ. ಆದರೆ ಲೆಕ್ಕದ ಹಾಳೆ ಮೊದಲ ಗುಂಪಿಗೆ ಮಾತ್ರ ಬರುತ್ತದೆ. ಭಾವಚಿತ್ರವಾದರೋ ಇನ್ನೂ ಹತ್ತಾರು ಗುಂಪುಗಳಲ್ಲಿ ಸುತ್ತುತ್ತಿದೆ.

ಈ ನಾಲ್ಕು ಹೆಜ್ಜೆಗಳಲ್ಲಿ ಕೊನೆಯವರನ್ನು ಬಿಟ್ಟರೆ ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಪ್ರತಿಯೊಬ್ಬರೂ ಬದಲಿಸಿದ್ದು ಒಂದು ಪ್ರತ್ಯಯವನ್ನೋ ಒಂದು ಪದವನ್ನೋ ಮಾತ್ರ. ಪ್ರಶ್ನೆ, ವರದಿ, ಹೇಳಿಕೆ, ತೀರ್ಪು ಎಂಬ ಈ ಮೆಟ್ಟಿಲುಗಳನ್ನು ಗುರುತಿಸಲು ಕಲಿತ ವಿದ್ಯಾರ್ಥಿಯು, ತನ್ನ ಕೈಗೆ ಬಂದ ಸಂದೇಶ ಯಾವ ಮೆಟ್ಟಿಲಿನಲ್ಲಿದೆ ಎಂದು ಕೇಳಿಕೊಳ್ಳಬಲ್ಲನು.

ವಾಟ್ಸಾಪಿನಲ್ಲಿಯೂ 'ಅಂತೆ'ಗೆ ಸಮಾನವಾದ ಗುರುತೊಂದಿದೆ. ಬೇರೆಡೆಯಿಂದ ಕಳುಹಿಸಿದ ಸಂದೇಶದ ಮೇಲೆ ಬಾಣದ ಚಿಹ್ನೆ ಬರುತ್ತದೆ. ಅನೇಕ ಬಾರಿ ಕೈಬದಲಾದುದಕ್ಕೆ ಜೋಡಿ ಬಾಣ ಬರುತ್ತದೆ. ಸಂದೇಶವು ಎಷ್ಟು ದೂರ ಸಾಗಿ ಬಂದಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ, ನಿಜವೋ ಸುಳ್ಳೋ ಎಂಬುದನ್ನಲ್ಲ. ಅಲ್ಲದೆ, ಬರಹವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಆ ಗುರುತೂ ಮಾಯವಾಗಿ, ಕಳುಹಿಸಿದವರೇ ಬರೆದಂತೆ ತೋರುತ್ತದೆ.

3. ಕೊನೆಯ ಭಾಗ ಕತ್ತರಿಸಿದ ವಿಡಿಯೋ

ಗುರುತು ಕಳಚಿದರೆ ಎಷ್ಟು ಅನಾಹುತವಾದೀತು ಎಂಬುದಕ್ಕೆ 2018ರ ಮಕ್ಕಳ ಕಳ್ಳರ ವದಂತಿ ಸಾಕ್ಷಿ. ಆ ತಿಂಗಳುಗಳಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಹರಿದಾಡಿದ ಒಂದು ವಿಡಿಯೋದಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಅಭಿನಯಿಸಿ ಚಿತ್ರಿಸಿದ್ದು. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕು ನಿಜವಾದ ಅಪಹರಣವಾಗಿ ಕಂಡಿತು. ಇಲ್ಲಿ ದೃಶ್ಯವನ್ನು ಹೊಸದಾಗಿ ಸೃಷ್ಟಿಸಿರಲಿಲ್ಲ. 'ಇದು ಅಭಿನಯ' ಎಂಬ ಗುರುತನ್ನು ತೆಗೆದದ್ದೇ ಸಾಕಾಯಿತು.

ಇಂಥ ವದಂತಿಗಳು ಹಬ್ಬಿದ್ದ ಕಾಲದಲ್ಲಿ, 2018ರ ಜುಲೈ 1ರಂದು, ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಭ್ರಮಿಸಿದ ಜನರು ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಸೋಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಹನ್ನೆರಡು ದಿನಗಳ ಬಳಿಕ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಕಾರಣವಾಗಿ, ಹೈದರಾಬಾದಿನ ಯುವ ಎಂಜಿನಿಯರರೊಬ್ಬರು ಇದೇ ಸಂಶಯಕ್ಕೆ ಬಲಿಯಾದರು. ಎರಡೂ ಕಡೆ ಸತ್ತವರು ಊರಿಗೆ ಪರಕೀಯರು. ಅಲ್ಲಿ ಅವರನ್ನು ಬಲ್ಲವರಿರಲಿಲ್ಲ, ಅವರ ಪರವಾಗಿ ನಿಲ್ಲಬಲ್ಲ ಹೆಸರೂ ಇರಲಿಲ್ಲ. ಊರಿನಲ್ಲಿ ಒಬ್ಬನಿಗಿರುವ ಮಾನವೆಂದರೆ ಇತರರು ಅವನ ಬಗ್ಗೆ ಇಟ್ಟಿರುವ ನಂಬಿಕೆಯ ಮೊತ್ತ; ಅದಿಲ್ಲದವನನ್ನು ವದಂತಿಯು ಬೇಗನೆ ಮುಟ್ಟುತ್ತದೆ.

ಅದೇ ಜುಲೈನಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂದು ಮಿತಿ ಹಾಕಲು ಮುಂದಾಯಿತು. ಮಿತಿಯಿಂದ ವೇಗ ತಗ್ಗುತ್ತದೆ, ಹೊಣೆ ತಗ್ಗುವುದಿಲ್ಲ.

4. 'ಬಂದಂತೆ ಕಳುಹಿಸಿದೆ' ಎಂಬ ಸಮಾಧಾನ

ಸಂದೇಶದ ಕೆಳಗೆ 'ಬಂದಂತೆ ಕಳುಹಿಸಲಾಗಿದೆ' ಎಂದು ಬರೆದರೆ ತಾವು ಹೊಣೆಯಿಂದ ಪಾರಾದೆವೆಂದು ಹಲವರು ಭಾವಿಸುತ್ತಾರೆ. ಮಹಿಳಾ ಪತ್ರಕರ್ತರನ್ನು ಅವಹೇಳನ ಮಾಡಿದ ಬರಹವೊಂದನ್ನು ಹಂಚಿಕೊಂಡ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2018ರಲ್ಲಿ, ಸಂದೇಶವನ್ನು ಮುಂದಕ್ಕೆ ಕಳುಹಿಸುವುದೆಂದರೆ ಅದನ್ನು ಒಪ್ಪಿ ಅನುಮೋದಿಸಿದಂತೆ ಎಂಬ ನಿಲುವನ್ನು ತಳೆಯಿತು. ಇದಕ್ಕೆ ಪ್ರತಿಯಾಗಿ, ಗುಂಪಿನ ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ನಿರ್ವಾಹಕನನ್ನು ಅಪರಾಧಿಯಾಗಿಸಲಾಗದು ಎಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2021ರಲ್ಲಿಯೂ ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿಯೂ ಹೇಳಿವೆ. ಎರಡನ್ನೂ ಸೇರಿಸಿ ಓದಿದರೆ ತತ್ತ್ವ ಸ್ಪಷ್ಟ: ಹೊಣೆಯು ಕೈ ಹಚ್ಚಿ ಕಳುಹಿಸಿದವನದು.

ಮಾತು ನಿಜವಾಗಿದ್ದರೆ ಹೇಗೆ? 'ನಿಜವನ್ನೇ ಹೇಳಿದೆ' ಎಂಬುದು ಎಲ್ಲ ಸಂದರ್ಭದಲ್ಲೂ ಸಾಕಾಗದು. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಯನ್ನು ಕುರಿತದ್ದು. ಅದರ ಪ್ರಕಾರ ನಿಜವಾದ ಆರೋಪಕ್ಕೂ ರಕ್ಷಣೆ ದೊರೆಯುವುದು ಅದನ್ನು ಪ್ರಕಟಿಸುವುದರಿಂದ ಸಾರ್ವಜನಿಕರಿಗೆ ಹಿತವಿದ್ದಾಗ. ಅದೇ ಕಲಮು ಇನ್ನೊಂದು ದಾರಿಯನ್ನೂ ತೆರೆದಿಟ್ಟಿದೆ: ಆ ವಿಷಯದಲ್ಲಿ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಸಲ್ಲಿಸಿದ ದೂರು ಮಾನಹಾನಿಯಲ್ಲ.

ಇಲ್ಲಿರುವ ನೀತಿಯನ್ನು ಮಕ್ಕಳಿಗೆ ವಿಶೇಷವಾಗಿ ವಿವರಿಸಬೇಕು. ವದಂತಿ ಹರಡಬೇಡಿ ಎಂದು ಹೇಳುವಾಗ, ಅನ್ಯಾಯ ಕಂಡರೂ ಬಾಯಿ ಮುಚ್ಚಿಕೊಂಡಿರಿ ಎಂಬ ಪಾಠವನ್ನು ಅವರು ಕಲಿಯಬಾರದು. ಮೇಲಿನ ಉದಾಹರಣೆಯ ತಾಯಿ ಮುಖ್ಯಾಧ್ಯಾಪಕರನ್ನೋ ಶಾಲಾ ಸಮಿತಿಯನ್ನೋ ಕೇಳಿದ್ದರೆ, ಲೆಕ್ಕ ಕೊಡಿಸಬಲ್ಲವರನ್ನೇ ಕೇಳಿದಂತಾಗುತ್ತಿತ್ತು. ಓಣಿಯ ಗುಂಪಿನಲ್ಲಿ ಲೆಕ್ಕ ಕೊಡಿಸಬಲ್ಲವರು ಯಾರೂ ಇಲ್ಲ. ಹಿಂಸೆಗೆ ಒಳಗಾದ ಮಗು ಶಿಕ್ಷಕಿಗೆ ಹೇಳುವ ಮಾತು ಚಾಡಿಯಲ್ಲ, ದೂರು. ಅದೇ ಮಗುವಿನ ಹೆಸರನ್ನು ಗುಂಪಿನಲ್ಲಿ ಹಾಕುವುದು, ವಿಷಯ ನಿಜವಿದ್ದರೂ, ಆ ಮಗುವಿಗೆ ಎಸಗುವ ಎರಡನೆಯ ಅನ್ಯಾಯ. ದೂರಿಗೂ ಚಾಡಿಗೂ ಇರುವ ಭೇದವು ಕೇಳುವವರಲ್ಲಿದೆ: ಕೇಳಿದವರಿಗೆ ಅದನ್ನು ಸರಿಪಡಿಸುವ ಅಧಿಕಾರವಿದೆಯೇ?

5. ತಿದ್ದುವ ಬಗೆ

ತಪ್ಪು ಸಂದೇಶವನ್ನು ಅಳಿಸಿದರೆ ಅದು ಆ ಗುಂಪಿನಿಂದ ಮಾತ್ರ ಹೋಗುತ್ತದೆ. ಮುಂದಕ್ಕೆ ಹೋದ ಪ್ರತಿಗಳೂ ಓದಿದವರ ಮನಸ್ಸಿನಲ್ಲಿ ಕುಳಿತ ಸಂಶಯವೂ ಉಳಿಯುತ್ತವೆ. ಆದ್ದರಿಂದ ತಿದ್ದುಪಡಿಯನ್ನು ಸಂದೇಶ ಹೋದ ಪ್ರತಿಯೊಂದು ಗುಂಪಿನಲ್ಲಿಯೂ, ಕಳುಹಿಸಿದವರೇ ತಮ್ಮ ಹೆಸರಿನಲ್ಲಿ ಹಾಕಬೇಕು. ಅದರಲ್ಲಿ ಆರೋಪವನ್ನು ಪೂರ್ತಿಯಾಗಿ ಪುನರುಚ್ಚರಿಸದೆ, ನಿಜವನ್ನು ಮೊದಲು ಹೇಳಬೇಕು: "ಪ್ರವಾಸದ ಲೆಕ್ಕ ಬಂದಿದೆ, ಉಳಿದ ಹಣ ಮಕ್ಕಳಿಗೆ ತಲುಪಿದೆ, ರಸೀದಿ ಇಲ್ಲಿದೆ. ಮಂಗಳವಾರ ನಾನು ಕಳುಹಿಸಿದ್ದು ತಪ್ಪು. ಅದನ್ನು ಮುಂದಕ್ಕೆ ಕಳುಹಿಸಿದವರು ಇದನ್ನೂ ಅಲ್ಲಿಗೇ ಕಳುಹಿಸಿರಿ." ವಿಷಯವು ಯಾರ ಖಾಸಗಿ ಬದುಕಿಗಾದರೂ ಸೇರಿದ್ದರೆ, ತಿದ್ದುಪಡಿಗೆ ಮೊದಲು ಅವರನ್ನೇ ಕೇಳಬೇಕು. ಮರೆತುಹೋಗುತ್ತಿದ್ದ ಮಾತನ್ನು ತಿದ್ದುಪಡಿಯೇ ಮತ್ತೆ ಕೆದಕಬಹುದು.

6. ತರಗತಿಯ ಚಟುವಟಿಕೆ (7ರಿಂದ 9ನೆಯ ತರಗತಿ, ಒಂದು ಅವಧಿ)

ಊರಿನ ನಿಜವಾದ ವದಂತಿಯನ್ನಾಗಲಿ ವ್ಯಕ್ತಿಯ ಹೆಸರನ್ನಾಗಲಿ ಬಳಸಕೂಡದು. ಮೊದಲ ವಿದ್ಯಾರ್ಥಿಗೆ ಈ ವಾಕ್ಯವಿರುವ ಚೀಟಿ ಕೊಡಿರಿ: "ನಾಳೆ ಬೆಳಗ್ಗೆ ನಲ್ಲಿಯಲ್ಲಿ ನೀರು ಬರಲಿಕ್ಕಿಲ್ಲವೇನೋ ಎಂದು ಪಂಚಾಯತಿಯ ನೀರು ಬಿಡುವವರು ಹೇಳಿದರು." ಆತ ಒಮ್ಮೆ ಓದಿ, ಚೀಟಿಯನ್ನು ಮರಳಿಸಿ, ನೆನಪಿನಿಂದ ಹೊಸ ಚೀಟಿಯಲ್ಲಿ ಬರೆದು ಮುಂದಿನವರಿಗೆ ಕೊಡಲಿ. ಸಾಧ್ಯವಿದ್ದರೆ ನಾಲ್ಕನೆಯ ವಿದ್ಯಾರ್ಥಿಯು ರಾಜ್ಯಭಾಷೆಗೂ ಐದನೆಯವನು ಮತ್ತೆ ಕನ್ನಡಕ್ಕೂ ತಿರುಗಿಸಲಿ. ಎಂಟು ಚೀಟಿಗಳಾದ ಮೇಲೆ ಕ್ರಮವಾಗಿ ಹಲಗೆಯ ಮೇಲೆ ಬರೆಯಿರಿ. ಬಳಿಕ ಕೇಳಿರಿ:

1. 'ನೀರು ಬಿಡುವವರು' ಯಾವ ಚೀಟಿಯಲ್ಲಿ ಬಿಟ್ಟುಹೋದರು?
2. ಸಂಶಯ ಸೂಚಿಸುವ 'ಏನೋ' ಯಾವಾಗ ಬಿತ್ತು?
3. 'ಅಂತೆ' ಎಲ್ಲಿ ಸೇರಿತು, ಎಲ್ಲಿ ಕಳಚಿತು?
4. ನೀರು ಬರುವುದೋ ಇಲ್ಲವೋ ತಿಳಿಯಲು ಈಗ ಯಾರನ್ನು ಕೇಳಬೇಕು? ಕೊನೆಯ ಚೀಟಿಯನ್ನು ಮಾತ್ರ ಓದಿದವನಿಗೆ ಅದು ತಿಳಿಯುವುದೇ?