ಕೆಂಪು ಹಸಿರು ತಾಗಿದಲ್ಲಿ ಕಣ್ಣಿಗೇಕೆ ನಡುಕ?

ಅಚ್ಚ ಕೆಂಪು ಬಟ್ಟೆಗೆ ಅಷ್ಟೇ ಕಡುವಾದ ಹಸಿರು ಬಟ್ಟೆಯನ್ನು ತಾಗಿಸಿಟ್ಟು ನೋಡಿದರೆ ಎರಡೂ ಸೇರುವ ಅಂಚು ನಡುಗಿದಂತೆ ಕಾಣುತ್ತದೆ. ಬಣ್ಣದ ಚಕ್ರದಲ್ಲಿ ಎದುರುಬದುರು ಕೂರುವ ಇಂಥ ಜೋಡಿಗಳಿಗೆ ಪೂರಕ ಬಣ್ಣಗಳೆಂದು ಹೆಸರು. ನೀಲಿ–ಕಿತ್ತಳೆ, ಹಳದಿ–ನೇರಳೆ ಉಳಿದ ಎರಡು ಪರಿಚಿತ ಜೋಡಿಗಳು.

ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಣೆ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್ ಅವರಿಗೆ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳೇ ಕಪ್ಪನ್ನು ಮಂಕಾಗಿ ತೋರಿಸುತ್ತಿದ್ದವು. ಪ್ರತಿ ಬಣ್ಣವೂ ತನ್ನ ನೆರೆಯ ಮೇಲೆ ತನ್ನ ಪೂರಕದ ಛಾಯೆ ಹಾಯಿಸುತ್ತದೆ ಎಂದು ಅವರು 1839ರ ಗ್ರಂಥದಲ್ಲಿ ವಿವರಿಸಿದರು. ಕೆಂಪಿನ ಪಕ್ಕದಲ್ಲಿ ಹಸಿರೇ ಇದ್ದರೆ ಆ ಛಾಯೆಯೂ ಹಸಿರೇ. ಹಾಗಾಗಿ ಎರಡೂ ಒಂದನ್ನೊಂದು ಇನ್ನಷ್ಟು ಕಡುವಾಗಿಸುತ್ತವೆ.

ನಡುಕಕ್ಕೆ ಇದಷ್ಟೇ ಸಾಲದು. ಒಂದು ವಸ್ತುವಿನ ಅಂಚು ಎಲ್ಲಿದೆ ಎಂಬುದನ್ನು ಮಿದುಳು ಮುಖ್ಯವಾಗಿ ಬೆಳಕು–ಕತ್ತಲಿನ ವ್ಯತ್ಯಾಸದಿಂದ ಗುರುತಿಸುತ್ತದೆ. ಎರಡು ಬಣ್ಣಗಳ ಹೊಳಪು ಸಮವಾಗಿದ್ದರೆ ಆ ಸುಳಿವು ಸಿಗುವುದಿಲ್ಲ, ಅಂಚು ಸ್ಥಿರವಾಗಿ ಕೂರುವುದಿಲ್ಲ. ಕಣ್ಣು ಸದಾ ಸೂಕ್ಷ್ಮವಾಗಿ ಅಲುಗುತ್ತಲೇ ಇರುವುದರಿಂದ, ಕೆಂಪು ನೋಡಿ ದಣಿದ ಭಾಗದ ಮೇಲೆ ಹಸಿರು, ಹಸಿರು ನೋಡಿದ ಭಾಗದ ಮೇಲೆ ಕೆಂಪು ಬಿದ್ದು ಅಂಚಿನ ಮಿನುಗು ಹೆಚ್ಚುತ್ತದೆ. ಹಳದಿ–ನೇರಳೆ ಇಷ್ಟು ಕಾಡದಿರಲು ಕಾರಣವೂ ಇಲ್ಲೇ ಇದೆ: ಹಳದಿ ನೇರಳೆಗಿಂತ ಬಹಳ ತಿಳಿ.

ಆದ್ದರಿಂದ ಕುಶನ್ ಕವರಿಗೆ ಬಟ್ಟೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹೊಳಪನ್ನು. ಎರಡೂ ತುಂಡುಗಳನ್ನು ಜೋಡಿಸಿಟ್ಟು ಮೊಬೈಲಿನಲ್ಲಿ ಕಪ್ಪು–ಬಿಳುಪು ಫೋಟೊ ತೆಗೆದರೆ ಸಾಕು. ಎರಡೂ ಒಂದೇ ಬೂದುಬಣ್ಣವಾಗಿ ಕಂಡರೆ ಆ ಜೋಡಿ ನಡುಗುವ ಸಾಧ್ಯತೆ ಹೆಚ್ಚು. ಫೋಟೊ ಪೂರ್ತಿ ನಿಖರವಲ್ಲ, ಆದರೆ ಅಂಗಡಿಯಲ್ಲಿ ನಿಂತು ನಿರ್ಧರಿಸಲು ಒಳ್ಳೆಯ ಸುಳಿವು.

ಕಡುನೀಲಿ ಸೋಫಾ ಇದೆ ಎಂದುಕೊಳ್ಳೋಣ. ಅದರ ಮೇಲೆ ನಾಲ್ಕು ಅಚ್ಚ ಕಿತ್ತಳೆ ಕುಶನ್ ಸಾಲಾಗಿ ಇಟ್ಟರೆ ಕಣ್ಣು ಬೇರೆಲ್ಲಿಗೂ ಹೋಗದು. ಬದಲಿಗೆ ಇಟ್ಟಿಗೆ ಬಣ್ಣದ ಎರಡು, ಕೆನೆಬಣ್ಣದ ಎರಡು ಇಡಬಹುದು. ಇಟ್ಟಿಗೆ ಬಣ್ಣವೆಂದರೆ ಮಂಕಾದ ಕಿತ್ತಳೆಯೇ. ನೀಲಿಯ ಜೊತೆಗಿನ ನಂಟು ಉಳಿಯುತ್ತದೆ, ಅಬ್ಬರ ತಗ್ಗುತ್ತದೆ. ಇಟ್ಟಿಗೆ ಬಣ್ಣದ ಕವರಿನ ಸುತ್ತ ಕೆನೆಬಣ್ಣದ ಪೈಪಿಂಗ್ ಹೊಲಿಸಿದರೆ ಎರಡು ಬಣ್ಣಗಳ ನಡುವೆ ತಿಳಿಗೆರೆಯೊಂದು ಬಂದು ಅಂಚು ಸ್ಪಷ್ಟವಾಗುತ್ತದೆ. ರೇಷ್ಮೆ ಸೀರೆಯ ಒಡಲಿಗೂ ಅಂಚಿಗೂ ನಡುವೆ ಓಡುವ ಜರಿಗೆರೆ ಮಾಡುವುದೂ ಇದೇ ಕೆಲಸ.

ಹೆಚ್ಚು ಎಡವುವುದು ಪಟ್ಟೆಗಳಲ್ಲಿ. ಪೂರಕ ಬಣ್ಣಗಳ ಸಣ್ಣ ಪಟ್ಟೆಯೆಂದರೆ ಒಂದೇ ಕವರಿನಲ್ಲಿ ಹತ್ತಾರು ಅಂಚು, ಅಷ್ಟೇ ನಡುಕ. ಅದೇ ಬಣ್ಣಗಳು ಹಾಸು ಹೊಕ್ಕಿನ ತೆಳು ಎಳೆಗಳಾಗಿ ಬೆರೆತರೆ ದೂರದಿಂದ ಬೂದಿಯಂತೆ ಮಂಕಾಗಿ ಕಾಣುತ್ತವೆ. ಕೊಳ್ಳುವ ಮುನ್ನ ತುಂಡನ್ನು ಸೋಫಾ ಮೇಲಿಟ್ಟು ಹಗಲಲ್ಲೊಮ್ಮೆ, ರಾತ್ರಿ ದೀಪದಲ್ಲೊಮ್ಮೆ ನೋಡಿ. ಹಳದಿ ಛಾಯೆಯ ದೀಪದಲ್ಲಿ ಕಿತ್ತಳೆ ಬೆಳಗುತ್ತದೆ, ನೀಲಿ ಕಪ್ಪಿಡುತ್ತದೆ.