ಅಪ್ಪನಿಗೆ ವರ್ಗವಾಯಿತು, ಮಗಳ ಡಿಗ್ರಿ ಏನಾಗಬೇಕು?

ಧಾರವಾಡದಲ್ಲಿ ಬಿಕಾಂ ಮೊದಲ ವರ್ಷದಲ್ಲಿರುವ ಒಬ್ಬ ಹುಡುಗಿಯ ಉದಾಹರಣೆ ಇಟ್ಟುಕೊಳ್ಳೋಣ. ತಂದೆ ಬ್ಯಾಂಕ್ ನೌಕರರು. ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಅವರಿಗೆ ಮೈಸೂರಿಗೆ ವರ್ಗವಾಗುತ್ತದೆ. ಮನೆ ಖಾಲಿ ಮಾಡಬೇಕು, ತಮ್ಮನನ್ನು ಹೊಸ ಶಾಲೆಗೆ ಸೇರಿಸಬೇಕು. ಆ ಗಡಿಬಿಡಿಯಲ್ಲಿ ಮನೆಯವರು ಮಾಡುವ ಮೊದಲ ಕೆಲಸ ಕಾಲೇಜಿಗೆ ಹೋಗಿ ಟಿಸಿ ಕೇಳುವುದು. ಶಾಲೆಯ ಮಟ್ಟಿಗೆ ಅದು ಸರಿ. ಪದವಿ ವಿದ್ಯಾರ್ಥಿಗೆ ಅದೇ ದೊಡ್ಡ ತಪ್ಪಾಗಬಹುದು.

ಟಿಸಿ ಕೈಗೆ ಬಂದ ದಿನವೇ ಹಳೆಯ ಕಾಲೇಜಿನ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ. ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ವಲಸೆ ಪ್ರಮಾಣಪತ್ರ ಪಡೆದ ಮೇಲೆ ಆ ವಿಶ್ವವಿದ್ಯಾಲಯದ ಜೊತೆಗಿನ ನಂಟೂ ಮುಗಿದಂತೆ. ಇತ್ತ ಮೈಸೂರಿನ ಕಾಲೇಜು ಸೀಟು ಖಾಲಿ ಇಲ್ಲ ಎಂದರೆ, ಅಥವಾ ಓದಿದ ವಿಷಯಗಳು ಹೊಂದುವುದಿಲ್ಲ ಎಂದರೆ, ಹುಡುಗಿ ಎರಡೂ ಕಡೆಯವಳಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಹೊಸ ಊರಿನ ಕಡೆಯಿಂದ. ಸೇರಬೇಕೆಂದಿರುವ ಕಾಲೇಜು ‘ಸೀಟು ಇದೆ, ಮೂರನೇ ಸೆಮಿಸ್ಟರ್‌ಗೆ ಸೇರಿಸಿಕೊಳ್ಳಲು ಅಭ್ಯಂತರವಿಲ್ಲ’ ಎಂದು ಬರೆದುಕೊಡಬೇಕು. ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯ ಅದಕ್ಕೆ ಒಪ್ಪಬೇಕು. ಹಳೆಯ ಕಡೆಯ ನಿರಾಕ್ಷೇಪಣಾ ಪತ್ರ, ಟಿಸಿ, ಮೈಗ್ರೇಷನ್ ಎಲ್ಲವೂ ಅದಾದ ಮೇಲಿನ ಮಾತು.

ಸೆಮಿಸ್ಟರ್ ನಡುವೆ ಏಕೆ ಹೋಗಬಾರದು? ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು, ಜೊತೆಗೆ ಇಂಟರ್ನಲ್ ಅಂಕಗಳು ಬೇಕು. ಇವೆರಡನ್ನೂ ಕೊಡುವುದು ಪಾಠ ಕೇಳಿದ ಕಾಲೇಜು. ಧಾರವಾಡದಲ್ಲಿ ಎರಡು ತಿಂಗಳು ಕೂತ ಹಾಜರಿಯನ್ನು ಮೈಸೂರಿನ ಕಾಲೇಜು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಾರದು. ಹಾಗಾಗಿಯೇ ಇಂಥ ಬದಲಾವಣೆಗೆ ಹೆಚ್ಚಿನ ಕಡೆ ಅವಕಾಶವಿರುವುದು ಮೂರು, ಐದನೇ ಸೆಮಿಸ್ಟರ್‌ಗಳ ಆರಂಭದಲ್ಲಿ, ಅಂದರೆ ಹೊಸ ವರ್ಷ ಶುರುವಾಗುವಾಗ. ನಮ್ಮ ಉದಾಹರಣೆಯ ಹುಡುಗಿ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಧಾರವಾಡದಲ್ಲೇ ಹಾಸ್ಟೆಲ್‌ನಲ್ಲೋ ಬಂಧುಗಳ ಮನೆಯಲ್ಲೋ ಇರುವುದು ಒಳ್ಳೆಯದು. ಹೆತ್ತವರಿಗೆ ಇದು ಕಷ್ಟ ಎನ್ನುವುದು ನಿಜ. ಆದರೆ ಅವಸರಪಟ್ಟು ಹೊರಟರೆ ಒಂದು ಇಡೀ ಸೆಮಿಸ್ಟರ್ ಕೈತಪ್ಪಬಹುದು.

ಪರೀಕ್ಷೆಯನ್ನಷ್ಟೇ ಮೈಸೂರಿನಲ್ಲಿ ಬರೆಯಬಹುದೇ ಎಂದು ಹಲವರು ಕೇಳುತ್ತಾರೆ. ರೆಗ್ಯುಲರ್ ಪದವಿಯಲ್ಲಿ ಪರೀಕ್ಷಾ ಕೇಂದ್ರವನ್ನು ನಿರ್ಧರಿಸುವುದು ವಿಶ್ವವಿದ್ಯಾಲಯ. ಕೇಂದ್ರ ಅದರ ವ್ಯಾಪ್ತಿಯ ಒಳಗೇ ಇರುತ್ತದೆ. ಒಂದು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ಇನ್ನೊಂದರ ಕೇಂದ್ರದಲ್ಲಿ ಬರೆಸುವ ವ್ಯವಸ್ಥೆ ಇಲ್ಲ. ಒಂದೆರಡು ಬ್ಯಾಕ್‌ಲಾಗ್ ಪತ್ರಿಕೆ ಮಾತ್ರ ಉಳಿದಿದ್ದರೆ ವಿಶ್ವವಿದ್ಯಾಲಯ ಬದಲಿಸುವ ಮಾತೇ ಬೇಡ. ಅವುಗಳಿಗೆ ಮತ್ತೆ ತರಗತಿಯಲ್ಲಿ ಕೂರಬೇಕಾಗಿಲ್ಲ, ಪರೀಕ್ಷೆಯ ದಿನ ಹೋಗಿ ಬರೆದು ಬಂದರಾಯಿತು.

ನಿಜವಾದ ತೊಡಕು ಇರುವುದು ಪಠ್ಯಕ್ರಮದಲ್ಲಿ. ಎರಡೂ ಕಡೆ ಪದವಿಯ ಹೆಸರು ಬಿಕಾಂ ಎಂದೇ ಇರುತ್ತದೆ. ಆದರೆ ಒಂದು ಕಡೆ ಎರಡನೇ ಸೆಮಿಸ್ಟರ್‌ನಲ್ಲಿ ಕಲಿಸಿದ್ದನ್ನು ಇನ್ನೊಂದು ಕಡೆ ಮೂರನೆಯದರಲ್ಲಿ ಇಟ್ಟಿರಬಹುದು. ಇದನ್ನು ಹೊಸ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಪತ್ರಿಕೆ ಪತ್ರಿಕೆಯಾಗಿ ಹೋಲಿಸಿ ನೋಡುತ್ತದೆ. ಹೊಂದದ ಪತ್ರಿಕೆಗಳನ್ನು ಹೆಚ್ಚುವರಿಯಾಗಿ ಬರೆದು ಪಾಸಾಗಬೇಕು ಎಂದು ಷರತ್ತು ಹಾಕಬಹುದು. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಗಂಟೂ ಸೇರಿದೆ. 2021-22ರಿಂದ ಇದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯವನ್ನು ಬಿಟ್ಟು, 2024-25ರಲ್ಲಿ ಸೇರಿದವರಿಗೆ ರಾಜ್ಯ ಮತ್ತೆ ಮೂರು ವರ್ಷದ ಪದವಿಯ ಚೌಕಟ್ಟಿಗೆ ಬಂತು. ನಡುವೆ ಒಂದು ವರ್ಷ ಓದು ಬಿಟ್ಟು ಬಂದವರಿಗೆ ತಾವು ಯಾವ ಚೌಕಟ್ಟಿಗೆ ಸೇರುತ್ತೇವೆ ಎಂಬುದನ್ನು ಮೊದಲೇ ಕೇಳಿ ತಿಳಿಯದೆ ಬೇರೆ ದಾರಿಯಿಲ್ಲ.

ಹೋಲಿಕೆ ಸುಲಭವಾಗಬೇಕಾದರೆ ಅಂಕಪಟ್ಟಿ ಒಂದೇ ಸಾಲದು. ಓದಿದ ಎಲ್ಲ ಪತ್ರಿಕೆಗಳ ಪಠ್ಯಕ್ರಮದ ಪ್ರತಿಗೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಧಾರವಾಡದಿಂದ ಹೊರಡುವಾಗಲೇ ತೆಗೆದುಕೊಂಡು ಹೋಗಬೇಕು. ಅನೇಕರು ಮರೆಯುವ ಕಾಗದ ಇದೇ. ಇದರ ಜೊತೆಗೆ ತಂದೆಯ ವರ್ಗಾವಣೆ ಆದೇಶ, ಹೊಸ ಮನೆಯ ಬಾಡಿಗೆ ಕರಾರು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಎರಡೂ ಸೆಮಿಸ್ಟರ್‌ಗಳ ಅಂಕಪಟ್ಟಿ ಒಂದೇ ಕಡತದಲ್ಲಿರಲಿ. ಲೈಬ್ರರಿ, ಹಾಸ್ಟೆಲ್ ಬಾಕಿ ತೀರಿಸಿ ನೋ ಡ್ಯೂಸ್ ಪತ್ರ ಪಡೆಯದಿದ್ದರೆ ಟಿಸಿ ಸಿಗುವುದು ತಡವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರಿನ ಅಕ್ಷರ ಮತ್ತು ಇನಿಶಿಯಲ್ ಉಳಿದ ಎಲ್ಲ ದಾಖಲೆಗಳಲ್ಲೂ ಹಾಗೆಯೇ ಇವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ತಪ್ಪಿದ್ದರೆ ಹಳೆಯ ವಿಶ್ವವಿದ್ಯಾಲಯದಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದ ಮೇಲೆ ಇದೆಲ್ಲ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆಯೂ ಇದೆ. 2021ರಲ್ಲಿ ಶುರುವಾದ ಈ ವ್ಯವಸ್ಥೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ದಾಖಲೆ ಇಡುತ್ತದೆ, ಸೀಟು ಕೊಡಿಸುವುದಿಲ್ಲ. ಯಾವ ಕ್ರೆಡಿಟ್ ಒಪ್ಪಬೇಕು ಎನ್ನುವುದು ಸೇರಿಸಿಕೊಳ್ಳುವವರಿಗೆ ಬಿಟ್ಟದ್ದು. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಎಂದು ಯುಜಿಸಿಯ 2021ರ ನಿಯಮ ಹೇಳಿತ್ತು. ಮೂರನೇ ಸೆಮಿಸ್ಟರ್‌ಗೆ ಮೈಸೂರಿಗೆ ಬರುವ ಹುಡುಗಿ ಅಲ್ಲಿ ನಾಲ್ಕು ಸೆಮಿಸ್ಟರ್ ಓದುತ್ತಾಳೆ, ತೊಂದರೆಯಿಲ್ಲ. ಐದನೆಯದಕ್ಕೆ ಬಂದರೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ. ಅಂಥವರು ಪದವಿ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಕುಲಸಚಿವರ ಕಚೇರಿಗೆ ಪತ್ರ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಕೌಂಟರ್‌ನಲ್ಲಿ ಸಿಕ್ಕ ಬಾಯಿಮಾತನ್ನು ನೆಚ್ಚಿ ಮನೆ ಸಾಗಿಸಬಾರದು.

ದೂರಶಿಕ್ಷಣದಲ್ಲಿ ಲೆಕ್ಕ ಬೇರೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇಡೀ ದೇಶಕ್ಕೆ ಒಂದೇ ಆದ್ದರಿಂದ ಊರು ಬದಲಾದರೂ ವಿಶ್ವವಿದ್ಯಾಲಯ ಬದಲಾಗುವುದಿಲ್ಲ, ನೋಂದಣಿ ಸಂಖ್ಯೆಯೂ ಅದೇ ಇರುತ್ತದೆ. ಇಲ್ಲಿ ಜನ ಎರಡು ಕೆಲಸಗಳನ್ನು ಬೆರೆಸಿಬಿಡುತ್ತಾರೆ. ಪ್ರಾದೇಶಿಕ ಕೇಂದ್ರ ಮತ್ತು ಸ್ಟಡಿ ಸೆಂಟರ್ ಬದಲಾವಣೆಗೆ ಪ್ರತ್ಯೇಕ ಅರ್ಜಿ ಬೇಕು. ಪರೀಕ್ಷಾ ಕೇಂದ್ರವನ್ನು ಆರಿಸುವುದು ಜೂನ್, ಡಿಸೆಂಬರ್ ಪರೀಕ್ಷೆಗಳಿಗೆ ಪ್ರತಿ ಬಾರಿ ತುಂಬುವ ಫಾರಂನಲ್ಲಿ. ಫಾರಂ ತುಂಬುವ ದಿನ ಎಲ್ಲಿದ್ದೇವೆ ಎನ್ನುವುದು ಮುಖ್ಯವಲ್ಲ, ಪರೀಕ್ಷೆಯ ದಿನ ಎಲ್ಲಿರುತ್ತೇವೋ ಆ ಊರನ್ನು ಆರಿಸಬೇಕು. ಲ್ಯಾಬ್ ಇರುವ ಕೋರ್ಸ್‌ಗಳಲ್ಲಿ ಹೊಸ ಊರಿನ ಕೇಂದ್ರದಲ್ಲಿ ಆ ಲ್ಯಾಬ್ ಇದೆಯೇ ಎಂದು ವಿಚಾರಿಸದೆ ಅರ್ಜಿ ಹಾಕುವುದು ಬೇಡ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವ್ಯಾಪ್ತಿ ರಾಜ್ಯಕ್ಕೆ ಸೀಮಿತ. ಅದರಲ್ಲಿ ಓದುತ್ತಾ ಹೈದರಾಬಾದಿಗೋ ಪುಣೆಗೋ ಹೋದವರು ಪರೀಕ್ಷೆಗೆ ಕರ್ನಾಟಕಕ್ಕೇ ಬರಬೇಕಾಗುತ್ತದೆ.

ದೂರಶಿಕ್ಷಣದವರು ಅಸೈನ್‌ಮೆಂಟ್‌ಗಳ ಬಗ್ಗೆಯೂ ಎಚ್ಚರ ವಹಿಸಬೇಕು. ಕೇಂದ್ರ ಬದಲಾಗುವ ಹೊತ್ತಿನಲ್ಲಿ ಸಲ್ಲಿಸಿದ ಅಸೈನ್‌ಮೆಂಟ್ ಯಾವ ಕಚೇರಿಯ ಲೆಕ್ಕದಲ್ಲಿದೆ ಎಂಬ ಗೊಂದಲವಾಗಿ ಅಂಕ ದಾಖಲಾಗದೆ ಉಳಿಯಬಹುದು. ಬಾಕಿ ಅಸೈನ್‌ಮೆಂಟ್‌ಗಳನ್ನು ಹಳೆಯ ಸ್ಟಡಿ ಸೆಂಟರ್‌ಗೇ ಕೊಟ್ಟು, ರಸೀದಿ ಪಡೆದು, ಆಮೇಲೆ ಬದಲಾವಣೆಗೆ ಅರ್ಜಿ ಹಾಕಿ. ಆ ಅಂಕಗಳು ಫಲಿತಾಂಶದ ಪುಟದಲ್ಲಿ ಕಾಣುವವರೆಗೂ ರಸೀದಿಯನ್ನು ಎಸೆಯಬೇಡಿ.