ಗಂಟೆ ಬಾರಿಸಿದ ಮೇಲಿನ ಬೆಲೆ

2024ರ ಫೆಬ್ರುವರಿ 13ರ ಸಂಜೆ, ಅಮೆರಿಕದ ಟ್ಯಾಕ್ಸಿ ಸೇವಾ ಕಂಪನಿ ಲಿಫ್ಟ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ಷೇರುಪೇಟೆ ಆಗಲೇ ಮುಚ್ಚಿತ್ತು, ಷೇರಿನ ಬೆಲೆ ಸುಮಾರು 12 ಡಾಲರ್‌ಗೆ ನಿಂತಿತ್ತು. ಆ ವರ್ಷ ಲಾಭದ ಪ್ರಮಾಣ 500 ಬೇಸಿಸ್ ಪಾಯಿಂಟ್, ಅಂದರೆ ಶೇಕಡಾ ಲೆಕ್ಕದಲ್ಲಿ 5 ಅಂಶ ಏರಲಿದೆ ಎಂದು ಪ್ರಕಟಣೆ ಹೇಳಿತು. ಷೇರು ಶೇ 60ಕ್ಕೂ ಹೆಚ್ಚು ಜಿಗಿಯಿತು.

ಇರಬೇಕಾಗಿದ್ದದ್ದು 50. ಒಂದು ಸೊನ್ನೆ ಹೆಚ್ಚಾಗಿ ಬಿದ್ದಿತ್ತು. ವಿಶ್ಲೇಷಕರ ಜತೆಗಿನ ಕರೆಯಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥೆಯೇ ಅದನ್ನು ತಿದ್ದಿದಾಗ ಏರಿಕೆಯ ಬಹುಪಾಲು ಕರಗಿತು. ಫಲಿತಾಂಶ ನಿಜಕ್ಕೂ ಚೆನ್ನಾಗಿದ್ದುದರಿಂದ ಮರುದಿನ ಷೇರು ಸುಮಾರು ಶೇ 35ರಷ್ಟು ಏರಿ ಮುಗಿಯಿತು. ಆದರೆ ಹಿಂದಿನ ಸಂಜೆ ತುದಿಯಲ್ಲಿ ಕೊಂಡವರಿಗೆ ಆ ಏರಿಕೆಯಿಂದ ನಷ್ಟ ತುಂಬಲಿಲ್ಲ.

ಅಮೆರಿಕದಲ್ಲಿ ಮುಖ್ಯ ವಹಿವಾಟು ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ. ಅದಕ್ಕೂ ಮುಂಚೆ ನಸುಕಿನ 4ರಿಂದ ಪ್ರೀ-ಮಾರ್ಕೆಟ್, ಆಮೇಲೆ ರಾತ್ರಿ 8ರವರೆಗೆ ಆಫ್ಟರ್-ಅವರ್ಸ್. ಕಂಪನಿಗಳು ಫಲಿತಾಂಶ ಹೊರಬಿಡುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಹೀಗಾಗಿ ದೊಡ್ಡ ಸುದ್ದಿ ಬರುವ ಗಳಿಗೆಯಲ್ಲಿ ಕೊಳ್ಳುವವರೂ ಮಾರುವವರೂ ಬೆರಳೆಣಿಕೆಯಷ್ಟು.

ಆಗ ಏನಾಗುತ್ತದೆ? ಒಂದು ಲೆಕ್ಕ ಹಾಕಿ ನೋಡೋಣ. 50 ಡಾಲರ್‌ಗೆ ಮುಗಿದ ಷೇರೊಂದಿದೆ. ಸಂಜೆ ಮಾರಲು ನಿಂತಿರುವುದು ಇಷ್ಟೇ: 50.10ಕ್ಕೆ 100 ಷೇರು, 51ಕ್ಕೆ 100, 53ಕ್ಕೆ 100. ಯಾರೋ ಒಬ್ಬ 53ರ ಮಿತಿ ಹಾಕಿ 300 ಷೇರು ಕೊಂಡರೆ ಮೂರೂ ಮೆಟ್ಟಿಲು ಖಾಲಿ. ಮೊಬೈಲ್ ಪರದೆಯ ಮೇಲೆ ‘ಶೇ 6 ಏರಿಕೆ’ ಎಂದು ಹಸಿರು ಬಣ್ಣ ಮಿನುಗುತ್ತದೆ. ಆದರೆ ಕೊಳ್ಳಲು ಸಿದ್ಧನಿರುವವನು ಇನ್ನೂ 49.50ರಲ್ಲೇ ನಿಂತಿದ್ದಾನೆ. ತನ್ನ ಬಳಿಯಿರುವ ಷೇರಿಗೆ 53 ಸಿಗುತ್ತದೆಂದು ಮಾರಲು ಹೊರಟವನಿಗೆ ಕೈಗೆ ಬರುವುದು ಅದೇ 49.50. ಹಗಲಿನಲ್ಲಿ ಪ್ರತಿ ಮೆಟ್ಟಿಲಲ್ಲೂ ಸಾವಿರಾರು ಷೇರು ನಿಂತಿದ್ದಾಗ 300 ಷೇರಿನ ಖರೀದಿ ಬೆಲೆಯನ್ನು ಅಲುಗಿಸುವುದೇ ಇಲ್ಲ.

ಇನ್ನೊಂದು ಕೊರತೆಯೂ ಇದೆ. ಬೆಲೆ ವಿಪರೀತ ಹಾರಿದರೆ ವಹಿವಾಟು ನಿಲ್ಲಿಸುವ ಬೆಲೆಪಟ್ಟಿಯ ಕಡಿವಾಣ ಮುಖ್ಯ ಅವಧಿಗೆ ಮಾತ್ರ ಅನ್ವಯ.

ನಮ್ಮಲ್ಲಿ ಬೆಳಿಗ್ಗೆ 9ರಿಂದ 9.15ರವರೆಗೆ ನಡೆಯುವ ಪ್ರೀ-ಓಪನ್ ಬೇರೆಯದು. ಅಲ್ಲಿ ಎಲ್ಲ ಆರ್ಡರ್‌ಗಳನ್ನು ಒಟ್ಟುಗೂಡಿಸಿ, ಅತಿ ಹೆಚ್ಚು ಷೇರು ಕೈಬದಲಾಗುವ ಒಂದೇ ಬೆಲೆ ನಿಗದಿ ಮಾಡುತ್ತಾರೆ. ಒಬ್ಬನ ಅವಸರ ಅಲ್ಲಿ ಅಷ್ಟು ಸುಲಭವಾಗಿ ಬೆಲೆಯಾಗುವುದಿಲ್ಲ. ಆದರೆ ಬೆಂಗಳೂರಿನ ಇನ್ಫೊಸಿಸ್ ನ್ಯೂಯಾರ್ಕ್‌ನಲ್ಲೂ ನೋಂದಣಿಯಾಗಿದೆ. ಇಲ್ಲಿನ ಪೇಟೆ ಮುಚ್ಚಿದ ಮೇಲೆ ಅದರ ಫಲಿತಾಂಶ ಬಂದರೆ ಅಲ್ಲಿ ಇನ್ನೂ ನಸುಕು. ಆ ಹೊತ್ತಿನ ಪ್ರೀ-ಮಾರ್ಕೆಟ್ ಅಂಕಿಯನ್ನು ನಾಳೆಯ ಮುಂಬೈ ಬೆಲೆಯೆಂದು ನಂಬುವುದು ಆತುರ.

ಅಮೆರಿಕದ ಷೇರು ಇಟ್ಟುಕೊಂಡಿರುವ ಓದುಗರು ಇಂಥ ಹೊತ್ತಿನಲ್ಲಿ ಕೊನೆಯ ಬೆಲೆಯೊಂದನ್ನೇ ನೋಡದೆ, ಕೊಳ್ಳುವ–ಮಾರುವ ದರಗಳ ಅಂತರವನ್ನೂ ಎಷ್ಟು ಷೇರು ಕೈಬದಲಾಗಿದೆ ಎಂಬುದನ್ನೂ ನೋಡಲಿ. ಅಂತರ ದೊಡ್ಡದಿದ್ದು ಷೇರು ಕಡಿಮೆಯಿದ್ದರೆ 9.30ರವರೆಗೆ ಕಾಯಲಿ.